ವಾಯಿದೆ ತಪ್ಪಿದ ಮೇಲೆ ಗಿರಾಕಿಯ ನಂಬಿಕೆ ಮರಳಿ ಗಳಿಸುವುದು: ನನ್ನ ಅನುಭವ

ಮುಂಗಡ ತೆಗೆದುಕೊಂಡು, ಹೇಳಿದ ದಿನಕ್ಕೆ ಮಾಲು ಕೊಡಲಾಗದೆ ಸಿಕ್ಕಿಹಾಕಿಕೊಂಡ ಕೆಲಸಗಳನ್ನು ದಡ ಸೇರಿಸುವುದು ನನ್ನ ಪಾಲಿಗೆ ಬರುವ ಕೆಲಸ. ನಾನು ಅನುಸರಿಸುವ ಕ್ರಮವನ್ನು ಜೊತೆಯ ಗುತ್ತಿಗೆದಾರರು ಬಹಳ ಕಾಲ ಒಪ್ಪಿರಲಿಲ್ಲ. ಮುಂಗಡದ ಒಂದು ಭಾಗ ವಾಪಸ್ ಕೊಟ್ಟರೆ ಗಿರಾಕಿ ಉಳಿದದ್ದನ್ನೂ ಕೇಳುತ್ತಾನೆ, ದೂರದ ತಾರೀಖು ಹೇಳಿದರೆ ಆರ್ಡರೇ ರದ್ದಾಗುತ್ತದೆ, ಹಿಂದೆ ಹೇಳಿದ ಸುಳ್ಳನ್ನು ನಾವಾಗಿ ಬಿಚ್ಚಿಡುವುದಂತೂ ಕೆಲಸ ಕೆಡಿಸಿಕೊಂಡ ಹಾಗೆ ಎಂಬುದು ಅವರ ವಾದ. ಈ ಮೂರನ್ನೂ ಒಂದೇ ಕೆಲಸದಲ್ಲಿ ಮಾಡಿ, ಅದು ಫಲಿಸಿದ ಮೇಲೆ ಈಗ ಅವರೇ ವಿವರ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇದು. ಒಂದು ಮರಗೆಲಸದ ವರ್ಕ್‌ಶಾಪ್ ಒಂದು ವಾಚನಾಲಯಕ್ಕೆ 30 ದಿನದಲ್ಲಿ 40 ಓದುಮೇಜು ಮಾಡಿಕೊಡಲು ಒಪ್ಪಿ, ಅರ್ಧ ಹಣ ಮುಂಗಡ ಪಡೆದಿತ್ತು. 20 ದಿನ ಕಳೆದಾಗ ಮುಗಿದಿದ್ದದ್ದು 14. ಬಂದ ಮರ ಹಸಿಯಾಗಿತ್ತು. ಮೀಟರ್ ಇಟ್ಟರೆ ತೇವಾಂಶ ಶೇ. 20ರ ಆಸುಪಾಸು ತೋರಿಸುತ್ತಿತ್ತು. ಶೇ. 12ರ ಹತ್ತಿರ ಇಳಿಯುವ ಮೊದಲೇ ಮೇಜಿನ ಮೇಲ್ಹಲಗೆ ಜೋಡಿಸಿದರೆ ಆಮೇಲೆ ಅದು ಒಣಗುತ್ತಾ ಸೊಟ್ಟಗಾಗುತ್ತದೆ. ಇಷ್ಟಾಗಿದ್ದರೆ ಬರೀ ತಡವಾಯಿತು ಅಂದುಕೊಳ್ಳಬಹುದಿತ್ತು. ಆದರೆ ವರ್ಕ್‌ಶಾಪಿನವರು ಒಂದು ವಾರದ ಹಿಂದೆ ಗಿರಾಕಿ ಫೋನ್ ಮಾಡಿದಾಗ "ಹಲಗೆ ಎಲ್ಲ ಕೊಯ್ದಾಗಿದೆ, ಜೋಡಿಸುವುದಷ್ಟೇ ಬಾಕಿ" ಎಂದು ಹೇಳಿಬಿಟ್ಟಿದ್ದರು. ಆಗಿನ್ನೂ ಅರ್ಧದಷ್ಟು ಮರ ಕೊಯ್ದೇ ಇರಲಿಲ್ಲ.

ಮೊದಲು ಈ ಸುಳ್ಳು ಹೊರಗೆ ಬರಬೇಕು. ತಡವಾದದ್ದನ್ನು ಮುಂದಿನ ನಡತೆ ಸರಿಪಡಿಸುತ್ತದೆ, ಸುಳ್ಳನ್ನು ಅಷ್ಟು ಸುಲಭವಾಗಿ ಸರಿಪಡಿಸುವುದಿಲ್ಲ. ಶ್ವೈಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ನಂಬಿಕೆಗೆಟ್ಟ ನಡತೆಯ ನಂತರ ಸತತವಾಗಿ ಸರಿಯಾಗಿ ನಡೆದುಕೊಂಡರೆ ನಂಬಿಕೆ ಮರಳುತ್ತದೆ, ಜೊತೆಗೆ ಮೋಸವೂ ಸೇರಿದ್ದರೆ ಪೂರ್ತಿ ಮರಳುವುದಿಲ್ಲ. ನಾವಾಗಿ ಒಪ್ಪಿಕೊಂಡ ಸುಳ್ಳಿಗೂ ಗಿರಾಕಿ ತಾನೇ ಹಿಡಿದ ಸುಳ್ಳಿಗೂ ಬಹಳ ಅಂತರವಿದೆ ಎಂಬುದು ನನ್ನ ಅನುಭವ. ಗಿರಾಕಿ ಒಮ್ಮೆ ವರ್ಕ್‌ಶಾಪಿಗೆ ಬಂದು ಮರದ ರಾಶಿ ನೋಡಿದ್ದರೆ ಸಾಕಿತ್ತು, ಆಮೇಲೆ ನಾವು ಹೇಳುವ ಯಾವ ತಾರೀಖಿಗೂ ಬೆಲೆ ಇರುತ್ತಿರಲಿಲ್ಲ.

ಮೊದಲ ಮಾತು ಗಡುವು ದಾಟುವ ಮೊದಲೇ ಆಗಬೇಕು, ಫೋನಿನಲ್ಲಿ ಅಥವಾ ಮುಖಾಮುಖಿ ಆಗಬೇಕು, ಮಾತು ತಪ್ಪಿದವರೇ ಆಡಬೇಕು. ಪರವಾಗಿ ನಾನು ಮಾತಾಡುವುದಿಲ್ಲ. ಹೇಳಬೇಕಾದದ್ದು ಇಷ್ಟೇ: "30ನೇ ದಿನಕ್ಕೆ 40 ಮೇಜು ಕೊಡುತ್ತೇವೆ ಅಂದಿದ್ದೆವು, ಆಗುವುದಿಲ್ಲ. 14 ಸಿದ್ಧ ಇವೆ. ಹೋದ ವಾರ ಹಲಗೆ ಕೊಯ್ದಾಗಿದೆ ಅಂದದ್ದು ನಿಜವಲ್ಲ. ತಪ್ಪು ನಮ್ಮದು. ಹೊಸ ತಾರೀಖು ಈಗಲೇ ಹೇಳುವುದಿಲ್ಲ, ಲೆಕ್ಕ ಹಾಕಿ ನಾಳಿದ್ದು ಸಂಜೆ 5ಕ್ಕೆ ಫೋನ್ ಮಾಡುತ್ತೇನೆ." ಕಾರಣವನ್ನು ಅವರು ಕೇಳಿದರೆ ಮಾತ್ರ ಹೇಳಬೇಕು, ಅದೂ ಅವರೇ ಬಂದು ಪರೀಕ್ಷಿಸಬಹುದಾದ ಕಾರಣವಾಗಿರಬೇಕು. ಮರದ ತೇವಾಂಶ ಅಂಥದ್ದು, ಮೀಟರ್ ಇಟ್ಟು ತೋರಿಸಬಹುದು. "ಕೆಲಸಗಾರರು ಕೈಕೊಟ್ಟರು" ಎಂಬುದು ನಿಜವೇ ಆದರೂ ನೆಪದ ಹಾಗೆ ಕೇಳಿಸುತ್ತದೆ.

ಇಲ್ಲಿ ಹೆಚ್ಚಿನವರು "ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಹತ್ತು ಸಲ ಹೇಳಿಬಿಡುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಪಣೆಯ ಆರು ಅಂಶಗಳನ್ನು ತೂಗಿ ನೋಡಿದಾಗ ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯವೆಂದೂ, ನಷ್ಟ ತುಂಬಿಕೊಡುವ ಮಾತು ಅದರ ನಂತರವೆಂದೂ, ಕ್ಷಮಿಸಿ ಎಂದು ಬೇಡಿಕೊಳ್ಳುವುದು ಕೊನೆಯದೆಂದೂ ಕಂಡುಬಂತು. ಬೇಡಿಕೊಂಡಷ್ಟೂ ಸಿಟ್ಟು ಮಾಡಿಕೊಂಡವರ ಮೇಲೇ ಭಾರ ಹೊರಿಸಿದಂತಾಗುತ್ತದೆ. ಫೋನಿನಲ್ಲಿ ಗಿರಾಕಿ ಕೂಗಾಡಿ ಮುಗಿಸಿದ ಮೇಲೆ ಕೇಳಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಸಂಪಾದನೆ ಅದರ ಮೇಲೆ ನಿಂತಿದೆ.

"ನಾಳಿದ್ದು ಸಂಜೆ 5ಕ್ಕೆ" ಎಂದದ್ದೇ ಹೊಸ ಸರಣಿಯ ಮೊದಲ ವಾಗ್ದಾನ. ಅದು 5ಕ್ಕೇ ಆಗಬೇಕು, 5.20ಕ್ಕಲ್ಲ.

ಈಗ ತಾರೀಖು. ವರ್ಕ್‌ಶಾಪಿನವರು "ಇನ್ನು ಹತ್ತು ದಿನ ಹೆಚ್ಚಿಗೆ ಕೊಟ್ಟರೆ ಸಾಕು" ಎಂದರು. ಎಲ್ಲರೂ ಹೀಗೇ ಹೇಳುತ್ತಾರೆ, ಏಕೆಂದರೆ ಎಲ್ಲ ಸರಿಹೋದರೆ ಎಷ್ಟು ದಿನ ಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ನಾನು ಆಗಿಹೋದದ್ದನ್ನು ಮಾತ್ರ ನಂಬುತ್ತೇನೆ. 20 ದಿನಕ್ಕೆ 14 ಮೇಜು ಎಂದರೆ ವಾರಕ್ಕೆ ಸುಮಾರು 5. ಉಳಿದ 26ಕ್ಕೆ ಐದು ವಾರ ದಾಟುತ್ತದೆ. ಆರು ವಾರ ಎಂದು ಹೇಳಿಸಿದೆ. ಮೊದಲೆರಡು ಶನಿವಾರ ನಾಲ್ಕು ನಾಲ್ಕು, ಆಮೇಲೆ ಮೂರು ಶನಿವಾರ ಐದೈದು, ಕೊನೆಯ ಶನಿವಾರ ಮೂರು. ಮೊದಲೆರಡು ವಾರ ಕೈಲಾಗುವುದಕ್ಕಿಂತ ಕಡಿಮೆ ಒಪ್ಪಿಕೊಂಡದ್ದು ಬೇಕೆಂದೇ. ಆಗ ಏನಾದರೂ ಎಡವಟ್ಟಾದರೆ ಎಲ್ಲವೂ ಮುಗಿದಂತೆ. ಗಿರಾಕಿ ಆರು ವಾರ ಕೇಳಿ ಕೆರಳಿದರು, ಆರ್ಡರ್ ರದ್ದು ಮಾಡಲಿಲ್ಲ. ಆ ಹೊತ್ತಿಗೆ ಬೇರೆ ಯಾರ ಬಳಿ ಹೋದರೂ ಆರು ವಾರವೇ ಹಿಡಿಯುತ್ತಿತ್ತು. ಇದನ್ನು ಅವರೇ ಯೋಚಿಸಿಕೊಳ್ಳಲಿ ಎಂದು ಬಿಡಬೇಕು, ನಾವು ಬಾಯಿಬಿಟ್ಟು ಹೇಳಿದರೆ ಬೆದರಿಕೆಯಾಗುತ್ತದೆ.

ಹಣದ ವಿಷಯದಲ್ಲಿ ಎಲ್ಲರೂ ಮೊದಲು ಕೈಹಾಕುವುದು ರಿಯಾಯಿತಿಗೆ. ನಾನೂ ಬೇರೆ ಬೇರೆ ಕೆಲಸಗಳಲ್ಲಿ ಶೇ. 5, ಶೇ. 10 ಬಿಟ್ಟುಕೊಡಿಸಿ ನೋಡಿದ್ದೇನೆ. ಗಿರಾಕಿ ತೆಗೆದುಕೊಳ್ಳುತ್ತಾರೆ, ಆದರೆ ದಿನಾ ಫೋನ್ ಮಾಡುವುದು ನಿಲ್ಲುವುದಿಲ್ಲ. ಅವರ ಚಿಂತೆ ಬೆಲೆಯದಲ್ಲ, ತಮ್ಮ ದುಡ್ಡು ನಮ್ಮ ಕೈಯಲ್ಲಿದೆ ಎನ್ನುವುದು. ಆದ್ದರಿಂದ ಆ ದುಡ್ಡನ್ನೇ ಹಿಂತಿರುಗಿಸಬೇಕು. 40ರಲ್ಲಿ 14 ಎಂದರೆ ಶೇ. 35ರಷ್ಟು ಕೆಲಸ, ಪಡೆದದ್ದು ಶೇ. 50. ಮಾಡದ ಕೆಲಸಕ್ಕೆ ಇಟ್ಟುಕೊಂಡಿದ್ದ ಶೇ. 15ನ್ನು ಮೊದಲ 14 ಮೇಜು ಇಳಿಸಿದ ದಿನವೇ ವಾಪಸ್ ಕೊಡಿಸಿದೆ. ಉಳಿದ ಶೇ. 65 ಹಣ, ಒಂದು ಮೇಜಿಗೆ ಶೇ. 2.5ರಂತೆ, ಪ್ರತಿ ಶನಿವಾರ ಇಳಿಸಿದಷ್ಟಕ್ಕೆ ಮಾತ್ರ. ಅಂದರೆ ನಾಲ್ಕು ಮೇಜು ಇಳಿಸಿದರೆ ಶೇ. 10.

ಇದರಿಂದ ವರ್ಕ್‌ಶಾಪಿಗೆ ಉಸಿರುಕಟ್ಟಿದ್ದು ನಿಜ. ಮರಕ್ಕೆ ಹಣ ಕೊಟ್ಟಾಗಿದ್ದರಿಂದ ಉಳಿದ ಖರ್ಚು ಕೂಲಿ ಮತ್ತು ಪಾಲಿಶ್ ಮಾತ್ರ, ಹಾಗಾಗಿ ತಡೆದುಕೊಂಡರು. ಕೈಯಲ್ಲಿ ಅಷ್ಟು ಹಣವೇ ಇಲ್ಲದಿದ್ದರೆ ಎರಡು ಕಂತಿನಲ್ಲಿ ಕೊಡಿ, ಆದರೆ ಎರಡಕ್ಕೂ ತಾರೀಖು ಹೇಳಿ ಕೊಡಿ. ಕಚ್ಚಾಮಾಲನ್ನೇ ಇನ್ನೂ ಕೊಳ್ಳದವರು ಇದನ್ನು ಮಾಡಲು ಹೋದರೆ ಎರಡನೇ ಸಲ ಮಾತು ತಪ್ಪುತ್ತಾರೆ. ಅವರು ಹಣ ವಾಪಸ್ ಕೊಡುವ ಬದಲು ಮರ ತಂದು, ರಸೀದಿಯನ್ನೂ ಮರವನ್ನೂ ಗಿರಾಕಿಗೆ ತೋರಿಸುವುದು ಒಳ್ಳೆಯದು.

ಗಿರಾಕಿಗೆ ನೇರವಾಗಿ ಆದ ನಷ್ಟ ಬೇರೆ ಲೆಕ್ಕ. ವಾಚನಾಲಯ ತೆರೆಯಲೇಬೇಕಿದ್ದರಿಂದ ಅವರು ಬಾಡಿಗೆ ಮೇಜು ತಂದರು. ನೆನಪಿನ ಪ್ರಕಾರ ವಾರಕ್ಕೆ ಒಟ್ಟು ಆರ್ಡರಿನ ಶೇ. 1ರ ಹತ್ತಿರ. "ಕೊನೆಯ ಬಿಲ್ಲಿನಲ್ಲಿ ಕಳೆದುಕೊಳ್ಳಿ" ಎಂದರೆ ಅದು ಮತ್ತೊಂದು ಬಾಯಿಮಾತಾಗುತ್ತದೆ. ಪ್ರತಿ ಶನಿವಾರ ಮೇಜು ಇಳಿಸುವಾಗಲೇ ಆ ವಾರದ ಬಾಡಿಗೆ ಕೈಗೆ ಕೊಡಿಸಿದೆ. ಮೇಜು ಬಂದಂತೆ ಬಾಡಿಗೆಯೂ ಇಳಿಯುತ್ತಾ ಹೋಯಿತು, ಎಲ್ಲ ಸೇರಿ ಶೇ. 4ರೊಳಗೆ ಮುಗಿದಿರಬೇಕು. ರಿಯಾಯಿತಿ ಕೊಟ್ಟಿದ್ದರೆ ಇದಕ್ಕಿಂತ ಹೆಚ್ಚು ಹೋಗುತ್ತಿತ್ತು.

ನಡುವೆ ಬುಧವಾರ ಸಂಜೆ ಎಣಿಕೆ. ಶನಿವಾರಕ್ಕೆ ಐದು ಕೊಡಬೇಕಿದ್ದರೆ ಬುಧವಾರ ಐದೂ ಪಾಲಿಶ್‌ಗೆ ಹೋಗಿರಬೇಕು, ಇಲ್ಲದಿದ್ದರೆ ಆ ರಾತ್ರಿಯೇ ಗಿರಾಕಿಗೆ ತಿಳಿಸಬೇಕು. ಮೂರನೇ ವಾರ ಹೀಗೇ ಆಯಿತು. ಗಾಳಿಯಲ್ಲಿ ತೇವ ಹೆಚ್ಚಾಗಿ ಪಾಲಿಶ್ ಒಣಗದೆ ಬಿಳಿಚಿಕೊಂಡಿತು, ಎರಡು ಮೇಜು ಉಜ್ಜಿ ಮತ್ತೆ ಹಚ್ಚಬೇಕಾಯಿತು. "ಶನಿವಾರ ಮೂರು, ಉಳಿದೆರಡು ಮಂಗಳವಾರ" ಎಂದು ಬುಧವಾರವೇ ಹೇಳಿದ್ದರಿಂದ ಗಿರಾಕಿ ಒಂದು ಮಾತೂ ಆಡಲಿಲ್ಲ. ಅದೇ ಸುದ್ದಿ ಶನಿವಾರ ಬೆಳಿಗ್ಗೆ ಹೋಗಿದ್ದರೆ ಹಿಂದಿನ ಎರಡು ವಾರದ ಗಳಿಕೆಯೂ ಹೋಗುತ್ತಿತ್ತು. ಕೆಲಸ ಏನೂ ಮುಂದೆ ಸಾಗದ ವಾರದಲ್ಲೂ ಈ ಬುಧವಾರದ ಸುದ್ದಿ ತಪ್ಪಬಾರದು. ನಮ್ಮ ಮೌನವನ್ನು ಗಿರಾಕಿ ತಪ್ಪಿಸಿಕೊಳ್ಳುವಿಕೆ ಎಂದೇ ಓದುತ್ತಾರೆ.

ಇಲ್ಲೊಂದು ಪಕ್ಕದ ಪ್ರಯೋಗ ಹೇಳಿಬಿಡುತ್ತೇನೆ. ಇನ್ನೊಂದು ಕೆಲಸದಲ್ಲಿ, ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಮಾಲು ಕಳಿಸಿ ಗಿರಾಕಿಯನ್ನು ಖುಷಿಪಡಿಸಲು ನೋಡಿದೆವು. ಲಾಭವಾಗಲಿಲ್ಲ. "ಹಾಗಾದರೆ ನಿಮ್ಮ ತಾರೀಖುಗಳಲ್ಲಿ ಜಾಗ ಇದೆ" ಎಂದು ಅವರು ಮುಂದಿನ ಗಡುವನ್ನು ಎಳೆದಾಡತೊಡಗಿದರು. ಮಾತಿಗಿಂತ ಹೆಚ್ಚು ಮಾಡಿದ್ದಕ್ಕೆ, ಮಾತು ಉಳಿಸಿಕೊಂಡದ್ದಕ್ಕಿಂತ ಹೆಚ್ಚಿನ ಮೆಚ್ಚುಗೆ ಸಿಗುವುದಿಲ್ಲ ಎಂದು ಗ್ನೀಜಿ ಮತ್ತು ಎಪ್ಲಿ 2014ರಲ್ಲಿ ತೋರಿಸಿದ್ದಾರೆ. ಮೇಜು ಗುರುವಾರವೇ ಮುಗಿದರೂ ಶನಿವಾರವೇ ಕಳಿಸಿ. ಮಿಕ್ಕ ಎರಡು ದಿನ ಮುಂದಿನ ವಾರದ ಕೆಲಸಕ್ಕೆ ಬರುತ್ತದೆ.

ನಂಬಿಕೆ ಮರಳುತ್ತಿರುವುದು ಬಾಯಿಮಾತಿನಲ್ಲಿ ಗೊತ್ತಾಗುವುದಿಲ್ಲ, "ಪರವಾಗಿಲ್ಲ ಬಿಡಿ" ಎಂದು ಮೊದಲ ದಿನವೇ ಅನ್ನುವವರು ಬಹಳ. ನಾನು ನೋಡುವುದು ಶುಕ್ರವಾರದ ಫೋನನ್ನು. ಮೊದಲೆರಡು ವಾರ ಶುಕ್ರವಾರ ಎರಡು ಮೂರು ಸಲ ಬರುತ್ತಿತ್ತು, ನಾಲ್ಕನೇ ವಾರ ಬರಲಿಲ್ಲ. ಐದನೇ ವಾರ ಮೇಜು ಇಳಿಸುವ ಮೊದಲೇ ಹಣ ಎಣಿಸಿಟ್ಟಿದ್ದರು. ಇನ್ನೂ ಒಳ್ಳೆಯ ಗುರುತು ದೂರು. ಒಂದು ಮೇಜಿನ ಡ್ರಾಯರ್ ಬಿಗಿಯಾಗಿದೆ ಎಂದು ಅದೇ ವಾರ ಹೇಳಿದರು. ನಂಬಿಕೆ ಇಲ್ಲದವರು ದೂರು ಹೇಳುವುದಿಲ್ಲ, ಕೂಡಿಟ್ಟುಕೊಂಡು ಕೊನೆಯ ಬಿಲ್ಲಿನಲ್ಲಿ ತೀರಿಸಿಕೊಳ್ಳುತ್ತಾರೆ.

ಕೊನೆಯ ಮೂರು ಮೇಜು ಹೇಳಿದ ಶನಿವಾರವೇ ಇಳಿದವು. ಆಗ ಹೊಸ ಆರ್ಡರಿನ ಮಾತು ಎತ್ತಬೇಡಿ ಎಂದು ವರ್ಕ್‌ಶಾಪಿನವರನ್ನು ತಡೆದೆ, ಎತ್ತಿದರೆ ಇಷ್ಟು ದಿನ ಮಾಡಿದ್ದೆಲ್ಲ ಅದಕ್ಕಾಗಿಯೇ ಎಂದು ಕಾಣುತ್ತದೆ. ಬದಲಿಗೆ, ಮುಂದಿನ ಒದ್ದೆ ತಿಂಗಳುಗಳಲ್ಲಿ ಯಾವ ಡ್ರಾಯರ್ ಬಿಗಿಯಾದರೂ ಮೂರು ದಿನದೊಳಗೆ ಬಂದು ಕೀಸುತ್ತೇವೆ ಎಂದು ಬರೆದುಕೊಡಿಸಿದೆ. ಏಳೆಂಟು ಡ್ರಾಯರ್ ಕೀಸಿದ್ದಾಯಿತು. ಅದಾದ ಮೇಲೆ ಗಿರಾಕಿಯೇ ಪುಸ್ತಕದ ಕಪಾಟುಗಳ ಆರ್ಡರ್ ತಂದರು. ಮುಂಗಡ ಅರ್ಧವಲ್ಲ, ಶೇ. 20. ಉಳಿದದ್ದು ಶನಿವಾರಕ್ಕೆ ಇಳಿಸಿದಷ್ಟಕ್ಕೆ. ಬುಧವಾರದ ಎಣಿಕೆಯ ಷರತ್ತನ್ನು ಅವರೇ ಕೈಯಾರೆ ಬರೆದು ಸೇರಿಸಿದ್ದರು.