ಹಡಗು ಹತ್ತುವ ಮುನ್ನ ಮೂರು ಸಾವಿರ ಕೊಡೆಗಳ ತಪಾಸಣೆ

ಶಿವಮೊಗ್ಗದ ಸಗಟು ವ್ಯಾಪಾರಿಯೊಬ್ಬರು ಮಳೆಗಾಲಕ್ಕೆಂದು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಸೊಂಗ್‌ಶಿಯಾದಿಂದ 3,000 ಮಡಿಸುವ ಕೊಡೆ ತರಿಸುತ್ತಿದ್ದಾರೆ ಎಂದುಕೊಳ್ಳಿ. ಕೊಡೆ ತಯಾರಿಕೆಗೇ ಹೆಸರಾದ ಊರದು. ಶೇ 30ರಷ್ಟು ಮುಂಗಡ ಕೊಟ್ಟಾಗಿದೆ, ಉಳಿದ ಶೇ 70 ಕಳುಹಿಸುವ ಮುನ್ನ ಮಾಲು ಹೇಗಿದೆಯೆಂದು ಗೊತ್ತಾಗಬೇಕು. ತಪಾಸಣಾ ಏಜೆನ್ಸಿಯೊಂದಕ್ಕೆ ಒಂದು ದಿನದ ಶುಲ್ಕ ಕಟ್ಟಿದರೆ ಅದರ ಇನ್‌ಸ್ಪೆಕ್ಟರ್ ಕಾರ್ಖಾನೆಗೆ ಹೋಗಿ ನೋಡಿ ಬರುತ್ತಾರೆ. ಆದರೆ ಅವರು ನೋಡುವುದು ನೀವು ಬರೆದುಕೊಟ್ಟದ್ದನ್ನು. ‘ಗುಣಮಟ್ಟ ಪರಿಶೀಲಿಸಿ’ ಎಂದಷ್ಟೇ ಬರೆದರೆ ಪೆಟ್ಟಿಗೆಗಳ ಚೆಂದದ ಫೋಟೊಗಳು ಬಂದಾವು, ಕಡ್ಡಿಯ ತುಕ್ಕಿನ ಸುದ್ದಿ ಬರಲಾರದು.

ಮೊದಲ ಕೆಲಸ, ನೀವು ಒಪ್ಪಿದ ಮಾದರಿ ಕೊಡೆಗೆ ಸಹಿ ಹಾಕಿ ಮೊಹರು ಮಾಡಿ ಏಜೆನ್ಸಿಗೆ ತಲುಪಿಸುವುದು. ಬಟ್ಟೆಯ ಬಣ್ಣ, ಹಿಡಿಯ ಆಕಾರ, ಕಡ್ಡಿಯ ದಪ್ಪದ ಬಗ್ಗೆ ಜಗಳ ಬಂದಾಗ ತೀರ್ಪು ಕೊಡುವುದು ಅದೇ. ದಿನ ಗೊತ್ತುಮಾಡುವಾಗ, ಎಲ್ಲ ಕೊಡೆಗಳೂ ತಯಾರಾಗಿ ಶೇ 80ರಷ್ಟಾದರೂ ಪೆಟ್ಟಿಗೆ ಸೇರಿರಬೇಕು ಎಂದು ಷರತ್ತು ಹಾಕಿ. ಅರ್ಧ ಮಾಲು ಮಾತ್ರ ಸಿದ್ಧವಿದ್ದಾಗ ಮಾಡಿದ ತಪಾಸಣೆ, ಉಳಿದರ್ಧದ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಎಷ್ಟು ಕೊಡೆ ನೋಡಬೇಕು ಎಂಬ ಪ್ರಶ್ನೆ. ಇದಕ್ಕೆ ಐಎಸ್‌ಒ 2859-1 ಎಂಬ ಮಾನದಂಡದ ಕೋಷ್ಟಕವಿದೆ. ಸೂಚನೆಯಲ್ಲಿ ‘ಸಾಮಾನ್ಯ ತಪಾಸಣೆ, ಎರಡನೇ ಮಟ್ಟ’ ಎಂದು ಬರೆಯಿರಿ. 1,201ರಿಂದ 3,200ರವರೆಗಿನ ಲಾಟ್‌ಗೆ ಆ ಮಟ್ಟದಲ್ಲಿ ಕೋಷ್ಟಕ ತೋರಿಸುವ ಅಕ್ಷರ ಕೆ, ಅಂದರೆ 125 ಕೊಡೆ. ಮೊದಲನೇ ಮಟ್ಟವೆಂದರೆ 50 ಕೊಡೆ ಸಾಕು. ಅಗ್ಗವೆಂದು ಹೊಸ ಕಾರ್ಖಾನೆಗೆ ಅದನ್ನು ಆರಿಸಿಕೊಳ್ಳಬೇಡಿ. ಈ 125ನ್ನು ಯಾರು ಆರಿಸುತ್ತಾರೆ ಎಂಬುದೂ ಮುಖ್ಯ. ಕಾರ್ಖಾನೆಯವರು ಮುಂದೆ ತಂದಿಟ್ಟ ಪೆಟ್ಟಿಗೆ ಬೇಡ, ಇನ್‌ಸ್ಪೆಕ್ಟರರೇ ರಾಶಿಯ ತಳದಿಂದ, ನಡುವಿನಿಂದ, ಮೂಲೆಯಿಂದ ಎಳೆಸಬೇಕು. ಒಂದೊಂದರಲ್ಲಿ 60 ಕೊಡೆಯಂತೆ 50 ಪೆಟ್ಟಿಗೆಗಳಿದ್ದರೆ ವರ್ಗಮೂಲದ ರೂಢಿಯಂತೆ ಎಂಟನ್ನಾದರೂ ಬಿಚ್ಚಬೇಕು.

ದೋಷಗಳ ಪಟ್ಟಿಗೆ ಸಮಯ ಕೊಡಿ, ಇಡೀ ಪತ್ರದ ಜೀವ ಅಲ್ಲಿದೆ. ಟೊಪ್ಪಿಗೆಯಿಲ್ಲದೆ ಮೊನೆ ಹೊರಬಂದ ಕಡ್ಡಿ ಅಪಾಯಕಾರಿ ದೋಷ, ಒಂದು ಸಿಕ್ಕರೂ ಲಾಟ್ ಫೇಲ್. ಕಡ್ಡಿಯ ತುದಿಯಲ್ಲಿ ಬಟ್ಟೆಯ ಹೊಲಿಗೆ ಬಿಟ್ಟಿರುವುದು, ಬಿಚ್ಚಿದ ಕೊಡೆ ನಿಲ್ಲದಿರುವುದು, ತುಕ್ಕು ಇವು ಮೇಜರ್. ಕತ್ತರಿಸದೆ ಬಿಟ್ಟ ದಾರ, ಒರೆಸಿದರೆ ಹೋಗುವ ಕಲೆ ಮೈನರ್. ಮೇಜರ್‌ಗೆ 2.5, ಮೈನರ್‌ಗೆ 4.0 ಎಂಬ ಶೇಕಡಾವಾರು ದೋಷದ ಮಿತಿ ಕೊಡುವುದು ವಾಡಿಕೆ. ಆ ಮಿತಿಗಳಿಗೆ ಕೋಷ್ಟಕ ಹೇಳುವಂತೆ, 125 ಕೊಡೆಗಳಲ್ಲಿ 7ರವರೆಗೆ ಮೇಜರ್, 10ರವರೆಗೆ ಮೈನರ್ ಇದ್ದರೆ ಪಾಸ್, ಒಂದು ಹೆಚ್ಚಾದರೂ ಫೇಲ್. ಒಂದೇ ಕೊಡೆಯಲ್ಲಿ ಮೂರು ದೋಷಗಳಿದ್ದರೆ ದೊಡ್ಡದನ್ನಷ್ಟೇ ಎಣಿಸಬೇಕು ಎಂದೂ ಬರೆದಿಡಿ. ಈ ಲೆಕ್ಕಕ್ಕೂ ಒಂದು ಮಿತಿಯಿದೆ: ನೂರಕ್ಕೆ ಒಂಬತ್ತು ಕೊಡೆಗಳಲ್ಲಿ ಮೇಜರ್ ದೋಷವಿರುವ ಲಾಟ್ ಕೂಡ ಸುಮಾರು ಹತ್ತರಲ್ಲಿ ಒಂದು ಸಲ ಈ ಜರಡಿಯಿಂದ ನುಸುಳಿಹೋಗುತ್ತದೆ.

ಕೊಡೆಯನ್ನು ಹಾಳುಮಾಡುವ ಪರೀಕ್ಷೆಗೆ 125 ಬೇಕಿಲ್ಲ. ‘ವಿಶೇಷ ಮಟ್ಟ ಎಸ್-2’ ಎಂದರೆ 8 ಕೊಡೆ. ಅವುಗಳನ್ನು ಎಷ್ಟು ಸಲ ಬಿಚ್ಚಿ ಮುಚ್ಚಬೇಕು, ಎಷ್ಟು ನಿಮಿಷ ನೀರು ಸುರಿಯಬೇಕು ಎಂಬುದನ್ನು ಸಂಖ್ಯೆಯಲ್ಲೇ ಹೇಳಿ. ಹಾಗೆಯೇ ತುಂಬಿದ ಒಂದು ಪೆಟ್ಟಿಗೆಯನ್ನು ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ ಹತ್ತು ಸಲ ಬೀಳಿಸಿ ನೋಡಲು ಕೇಳಿ.

ವರದಿ 24 ಗಂಟೆಯೊಳಗೆ ಬರಲಿ. ಮೊದಲ ಪುಟದಲ್ಲೇ ಫಲಿತಾಂಶ, ನಂತರ ಎಣಿಸಿದ ಮಾಲು, ಬಿಚ್ಚಿದ ಪೆಟ್ಟಿಗೆಗಳ ಕ್ರಮಸಂಖ್ಯೆ, ದೋಷದ ಕೋಷ್ಟಕ, ಅಳತೆಗಳು, ಮಾದರಿ ಕೊಡೆಯ ಪಕ್ಕದಲ್ಲಿಟ್ಟು ತೆಗೆದ ಫೋಟೊ. ಪ್ರತಿ ದೋಷಕ್ಕೂ ಒಂದು ದೂರದ, ಒಂದು ಹತ್ತಿರದ ಚಿತ್ರ ಕೇಳಿ. ದೋಷದ ಹೆಸರು ಮಾತ್ರ ಇರುವ ಕೋಷ್ಟಕವನ್ನು ಹಿಡಿದುಕೊಂಡು ಕಾರ್ಖಾನೆಯೊಂದಿಗೆ ವಾದ ಮಾಡಲಾಗದು.

ನಮ್ಮ ಉದಾಹರಣೆಯಲ್ಲಿ ಮೇಜರ್ 9 ಬಂತೆನ್ನಿ, ಅದರಲ್ಲಿ ಆರು ತುದಿಯ ಹೊಲಿಗೆಯದು. ಎಂಟು ಪೆಟ್ಟಿಗೆಗಳಲ್ಲಿ ಎರಡರಲ್ಲೇ ಅವೆಲ್ಲ ಸಿಕ್ಕಿದ್ದರೆ ದೋಷ ಯಾವುದೋ ಒಬ್ಬ ಹೊಲಿಗೆಯವರ ಕೈಯದಿರಬಹುದು, ಚದುರಿದ್ದರೆ ದಾರದ್ದೋ ಪದ್ಧತಿಯದ್ದೋ ಇರಬಹುದು. ಪೆಟ್ಟಿಗೆಯ ಕ್ರಮಸಂಖ್ಯೆ ವರದಿಯಲ್ಲಿ ಬೇಕೆನ್ನುವುದು ಇದಕ್ಕೇ. ಕಾರ್ಖಾನೆ 3,000 ಕೊಡೆಗಳನ್ನೂ ಬಿಚ್ಚಿ ನೋಡಿ, ರಿಪೇರಿ ಮಾಡಿ, ಮರು ತಪಾಸಣೆಗೆ ಕರೆಯಬೇಕು. ಅದರ ಶುಲ್ಕ ಕಾರ್ಖಾನೆಯದೇ ಎಂಬ ಸಾಲನ್ನು ಖರೀದಿ ಆದೇಶದಲ್ಲಿ ಮೊದಲೇ ಸೇರಿಸಿರದಿದ್ದರೆ ಆ ಬಿಲ್ಲು ಶಿವಮೊಗ್ಗಕ್ಕೇ ಬರುತ್ತದೆ.