ಚೌಡಿಕೆಯ ದನಿಯನ್ನು ಪ್ರಬಂಧಕ್ಕೆ ಇಳಿಸಿದ ಬಗೆ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬರುವ, ದೇವಿಯ ಸೇವೆಗೆ ಬಿಟ್ಟ ಜೋಗತಿಯರ ಚೌಡಿಕೆ ಮೇಳದ ಹಾಡಿಕೆಯನ್ನು ಕುರಿತು ಜನಾಂಗೀಯ ಸಂಗೀತಶಾಸ್ತ್ರದ ಪ್ರಬಂಧವೊಂದನ್ನು ಸಿದ್ಧಪಡಿಸುವಾಗ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ದನಿಯ ಬಗ್ಗೆ ಬರೆಯುವ ಪ್ರತಿಯೊಂದು ವಾಕ್ಯವೂ ಕಲಾವಿದೆಯ ಮಾತೋ, ನನ್ನ ಕಿವಿಗೆ ಕೇಳಿಸಿದ್ದೋ, ಉಪಕರಣ ಅಳೆದದ್ದೋ ಎಂಬುದು ಓದುಗರಿಗೆ ತಿಳಿಯಬೇಕು ಎಂಬ ನಿಯಮವೊಂದನ್ನು ಮೊದಲಿನಿಂದ ಕೊನೆಯವರೆಗೂ ಪಾಲಿಸಿದೆ.

ವಾದ್ಯದ ವರ್ಣನೆಯಲ್ಲೇ ಈ ನಿಯಮದ ಅಗತ್ಯ ಕಾಣಿಸಿಕೊಂಡಿತು. ನಾನು ಅಭ್ಯಾಸ ಮಾಡಿದ ಚೌಡಿಕೆ ಮರದ ಟೊಳ್ಳು ಕೊಳವೆಯಂಥದು. ಅದರ ಕೆಳಬಾಯಿಗೆ ಚರ್ಮ ಬಿಗಿದಿದೆ, ಮೇಲ್ಬಾಯಿ ತೆರೆದಿದೆ. ಚರ್ಮದ ನಡುವಿನಿಂದ ಹೊರಟ ತಂತಿ ಕೊಳವೆಯೊಳಗಿಂದ ಮೇಲೆದ್ದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಬಿರಡೆಗೆ ಸೇರುತ್ತದೆ. ಎಡತೋಳಿನ ಕೆಳಗೆ ಅವುಚಿಕೊಂಡು ಬಲಗೈಯಲ್ಲಿ ಮೀಟುತ್ತಾರೆ. ಎಡಗೈಯ ಹಿಡಿತ ಬಿಗಿಯಾದಂತೆ, ಸಡಿಲಾದಂತೆ ತಂತಿಯ ಎಳೆತ ಬದಲಾಗಿ ನಾದ ಜಾರುತ್ತದೆ. ಇದು ನಾನು ಕಂಡದ್ದು. ಪರಶುರಾಮನು ತಾನು ಕೊಂದ ವೈರಿಯ ದೇಹದಿಂದಲೇ ಈ ವಾದ್ಯವನ್ನು ಮಾಡಿ ತಾಯಿ ಎಲ್ಲಮ್ಮನಿಗೆ ಒಪ್ಪಿಸಿದನೆಂಬುದು ಹಾಡುಗಾರ್ತಿಯರ ಹೇಳಿಕೆ. ಆ ವೈರಿ ಯಾರೆಂಬುದು ಮೇಳದಿಂದ ಮೇಳಕ್ಕೆ ಬದಲಾಗುತ್ತದೆ. ಈ ಕಥೆಯನ್ನು ಅಡಿಟಿಪ್ಪಣಿಗೆ ತಳ್ಳದೆ ವಾದ್ಯದ ವರ್ಣನೆಯ ಜೊತೆಗೇ ಇಟ್ಟೆ. ಬಾರಿಸುವ ಮುನ್ನ ಚೌಡಿಕೆಗೆ ಭಂಡಾರ ಹಚ್ಚಿ ಕೈಮುಗಿಯುವುದಕ್ಕೂ, ಹೊರಗಿನವರು ಅದನ್ನು ಸುಮ್ಮನೆ ಎತ್ತಿಕೊಳ್ಳಬಾರದೆಂಬ ನಡಾವಳಿಗೂ ಕಾರಣ ಆ ಕಥೆಯಲ್ಲಿದೆ. ಅಳತೆಯನ್ನೂ ನಾನೇ ತೆಗೆಯಲಿಲ್ಲ. ವಾದ್ಯದ ಒಡತಿಯೇ ಟೇಪು ಹಿಡಿದರು, ನಾನು ಬರೆದುಕೊಂಡೆ. ಈ ಸಂಗತಿಯನ್ನೂ ಪ್ರಬಂಧದಲ್ಲಿ ದಾಖಲಿಸಿದ್ದೇನೆ.

ಮುಂದಿನದು ವರ್ಗೀಕರಣ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಪ್ರಕಟಿಸಿದ ಪದ್ಧತಿಯಲ್ಲಿ ಇಂಥ ವಾದ್ಯಗಳು 22ನೆಯ ವಿಭಾಗಕ್ಕೆ, ಅಂದರೆ ಮೀಟುವ ಚರ್ಮವಾದ್ಯಗಳ ಗುಂಪಿಗೆ ಸೇರುತ್ತವೆ. ಮೊದಲು ಕಂಪಿಸುವುದು ತಂತಿ, ಚರ್ಮವು ಆ ಕಂಪನವನ್ನು ಹಿಗ್ಗಿಸುತ್ತದೆಯಷ್ಟೆ, ಆದ್ದರಿಂದ ಇವು ತಂತಿವಾದ್ಯಗಳೇ ಎಂದು ಆಮೇಲಿನ ವಿದ್ವಾಂಸರು ವಾದಿಸಿದ್ದಾರೆ. ತಂತಿಯ ಎಳೆತ ಬದಲಾದೊಡನೆ ನಾದದ ಎತ್ತರವೂ ಬದಲಾಗುವುದನ್ನು ಕಂಡಿದ್ದ ನನಗೆ ಎರಡನೆಯ ವಾದವೇ ಸರಿಯೆನಿಸಿತು. ಹಾಗಾಗಿ ಬರಿಯ ಸಂಖ್ಯೆಯೊಂದನ್ನು ನಮೂದಿಸಿ ಮುಂದೆ ಹೋಗದೆ, ಈ ಭಿನ್ನಾಭಿಪ್ರಾಯವನ್ನೂ ನಾನು ಯಾವ ಪಕ್ಷ ಹಿಡಿದೆ ಎಂಬುದನ್ನೂ ಎರಡು ವಾಕ್ಯಗಳಲ್ಲಿ ತಿಳಿಸಿದೆ.

ಇನ್ನು ಸ್ವರಲಿಪಿ. ಉತ್ತರ ಕರ್ನಾಟಕದ ಓದುಗರಿಗೆ ಹಿಂದೂಸ್ತಾನಿ ಪದ್ಧತಿಯ ಸ್ವರಲಿಪಿಯ ಪರಿಚಯವಿರುವುದರಿಂದ ಅದನ್ನೇ ಆರಿಸಿಕೊಂಡೆ. ಆದರೆ ಒಂದು ಹಾಡಿನ ಪಲ್ಲವಿಯಲ್ಲಿಯೇ ಅದರ ಮಿತಿ ಎದುರಾಯಿತು. ಆ ಮೇಳದಲ್ಲಿ ಶ್ರುತಿಯ ತಂತಿ ಸುಮಾರು 220 ಹರ್ಟ್ಸ್‌ನಲ್ಲಿ ನಿಂತಿತ್ತು. ಮುಖ್ಯ ಹಾಡುಗಾರ್ತಿ ಪದೇ ಪದೇ ತಂಗುತ್ತಿದ್ದ ಗಾಂಧಾರ 269 ಹರ್ಟ್ಸ್‌ನ ಆಸುಪಾಸಿನಲ್ಲಿತ್ತು. ಒಂದು ಸಪ್ತಕವನ್ನು 1200 ಸೆಂಟ್‌ಗಳಾಗಿ ಭಾಗಿಸಿದರೆ ಇದು ಷಡ್ಜದಿಂದ ಸುಮಾರು 348 ಸೆಂಟ್ ಮೇಲಕ್ಕೆ ಬರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಕೋಮಲ ಗಾಂಧಾರ 300, ಶುದ್ಧ ಗಾಂಧಾರ 400. ಲಿಪಿಯಲ್ಲಿ ಎರಡಕ್ಕೂ ಗುರುತುಗಳಿವೆ, ನಡುವಿನದಕ್ಕೆ ಇಲ್ಲ. ಯಾವುದಾದರೊಂದನ್ನು ಬರೆದುಬಿಟ್ಟರೆ ಓದುಗರು ತಮಗೆ ಗೊತ್ತಿರುವ ರಾಗವೊಂದನ್ನು ಅಲ್ಲಿ ಕೇಳಿಸಿಕೊಳ್ಳುತ್ತಾರೆ, ಹಾಡುಗಾರ್ತಿ ಅದನ್ನು ತಪ್ಪಾಗಿ ಹಾಡಿದರೆಂಬ ಅರ್ಥವೂ ಹುಟ್ಟಿಕೊಳ್ಳುತ್ತದೆ. ಈ ಎತ್ತರ ಆಕಸ್ಮಿಕವಲ್ಲವೆಂದು ಖಚಿತಪಡಿಸಿಕೊಳ್ಳಲು ಹಿಮ್ಮೇಳದವರು ಅದೇ ಸಾಲನ್ನು ಮರಳಿ ಹಾಡಿದ ಕಡೆಗಳನ್ನೆಲ್ಲ ಅಳೆದೆ. ಅವರೂ ಅದೇ ಎಡೆಯಲ್ಲಿ ನಿಲ್ಲುತ್ತಿದ್ದರು. ಹೀಗಾಗಿ ಕೋಮಲ ಗಾಂಧಾರದ ಚಿಹ್ನೆಯ ಮೇಲೆ ಊರ್ಧ್ವಮುಖ ಬಾಣವೊಂದನ್ನು ಹಾಕಿ, ಸಾಲಿನ ಅಂಚಿನಲ್ಲಿ ಸೆಂಟ್ ಮೌಲ್ಯವನ್ನೂ ಅದು ಎಷ್ಟರ ಮಟ್ಟಿಗೆ ಅತ್ತಿತ್ತ ಸರಿಯುತ್ತದೆ ಎಂಬುದನ್ನೂ ಬರೆದೆ.

ಚೌಡಿಕೆಯ ಪಾಲಿಗೆ ಸ್ವರಾಕ್ಷರಗಳನ್ನು ಬಳಸಲೇ ಇಲ್ಲ. ಅದರ ನಾದ ಒಂದೊಂದು ಮೀಟಿಗೂ ಕೆಳಗಿನಿಂದ ಮೇಲಕ್ಕೋ ಮೇಲಿನಿಂದ ಕೆಳಕ್ಕೋ ಹರಿಯುತ್ತದೆಯೇ ಹೊರತು ಒಂದೆಡೆ ನಿಲ್ಲುವುದಿಲ್ಲ. ಮೀಟು ಬಿದ್ದ ಜಾಗವನ್ನು ತಾಳದ ಗೆರೆಯ ಮೇಲೆ ಚುಕ್ಕಿಯಿಂದ ಗುರುತಿಸಿ, ಜಾರುವಿಕೆಯನ್ನು ನಾದದ ಎತ್ತರದ ವಕ್ರರೇಖೆಯಾಗಿ ಕೊಟ್ಟೆ. ಈ ರೇಖೆಯನ್ನು ಧ್ವನಿ ವಿಶ್ಲೇಷಣೆಯ ಪ್ರಾಟ್ ತಂತ್ರಾಂಶದಲ್ಲಿ ತೆಗೆದದ್ದು. ಇಲ್ಲೊಂದು ಎಚ್ಚರಿಕೆ ಬೇಕು. ಚೌಡಿಕೆಯ ಮೂಲನಾದ ಕ್ಷೀಣವಾಗಿ ಅದರ ಮೇಲಿನ ಅನುನಾದಗಳು ಬಲವಾಗಿರುವ ಕಡೆ ತಂತ್ರಾಂಶವು ಒಂದು ಸಪ್ತಕ ಮೇಲಿನ ಎತ್ತರವನ್ನು ತೋರಿಸಿಬಿಡುತ್ತದೆ. ರೇಖೆ ಇದ್ದಕ್ಕಿದ್ದಂತೆ ಸರಿಯಾಗಿ 1200 ಸೆಂಟ್ ಜಿಗಿದು, ಕಿವಿಗೆ ಮಾತ್ರ ಅಂಥ ಜಿಗಿತ ಕೇಳಿಸದಿದ್ದರೆ ಅದು ಇದೇ ದೋಷ. ಹುಡುಕುವ ಆವರ್ತನದ ಮೇಲ್ಮಿತಿಯನ್ನು ತಗ್ಗಿಸಿ ಮತ್ತೆ ನಡೆಸಿದರೆ ಬಹುಪಾಲು ಸರಿಹೋಗುತ್ತದೆ. ತಾಳದ ಝಣತ್ಕಾರ ಚೌಡಿಕೆಯನ್ನು ಮುಚ್ಚಿಬಿಡುವ ಕಡೆಗಳಲ್ಲಿ ರೇಖೆಯನ್ನು ಊಹೆಯಿಂದ ಜೋಡಿಸದೆ ಖಾಲಿ ಬಿಟ್ಟು, ಖಾಲಿ ಬಿಟ್ಟ ಕಾರಣವನ್ನು ಚಿತ್ರದ ಕೆಳಗೆ ತಿಳಿಸಿದೆ. ಇದಕ್ಕಾಗಿಯೇ ಚೌಡಿಕೆಯ ಹತ್ತಿರ ಪ್ರತ್ಯೇಕ ಮೈಕ್ ಇಟ್ಟು, 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತವಾಗಿ ಬೇರೆ ಪದರದಲ್ಲಿ ಮುದ್ರಿಸಿಕೊಂಡಿದ್ದೆ.

ಲಿಪಿ ಹೇಳಲಾರದ್ದನ್ನು ಧ್ವನಿಮುದ್ರಣವೇ ಹೇಳಬೇಕಾದ್ದರಿಂದ ಅದರ ಉಲ್ಲೇಖ ನಿಖರವಾಗಿರಬೇಕಾಗುತ್ತದೆ. ಸ್ವರಲಿಪಿಯ ಪ್ರತಿ ಉದಾಹರಣೆಯ ಕೆಳಗೆ ಕಡತದ ಹೆಸರು ಮತ್ತು ವೇಳೆಯನ್ನು ಹೀಗೆ ಕೊಟ್ಟಿದ್ದೇನೆ:

```
YLM_2019-02-19_A03.wav, 12:41–13:05
```

ಮೊದಲ ಮೂರು ಅಕ್ಷರಗಳು ಸ್ಥಳಸಂಕೇತ, ಅನಂತರದ್ದು ಮುದ್ರಣದ ದಿನಾಂಕ, ಕೊನೆಯದು ಆ ದಿನದ ಮೂರನೆಯ ಧ್ವನಿಕಡತವೆಂಬ ಸೂಚನೆ. ವೇಳೆಯನ್ನು ಎಂದಿಗೂ ಮೂಲ ಕಡತದಿಂದಲೇ ಎಣಿಸಬೇಕು. ಓದುಗರಿಗೆಂದು ಕತ್ತರಿಸಿದ ತುಣುಕಿನಿಂದ ಎಣಿಸಿದರೆ, ಮುಂದೆ ಪತ್ರಿಕೆಯವರು ತುಣುಕನ್ನು ಇನ್ನಷ್ಟು ಮೊಟಕುಗೊಳಿಸಿದ ದಿನ ಎಲ್ಲ ಉಲ್ಲೇಖಗಳೂ ಸುಳ್ಳಾಗುತ್ತವೆ. ಕಡತದ ವಿವರಪಟ್ಟಿಯಲ್ಲಿ ಸ್ಥಳ, ಸಂದರ್ಭ, ವಾದ್ಯಗಳು, ಮೈಕ್ ಇದ್ದ ಜಾಗ, ಒಪ್ಪಿಗೆಯ ಸ್ವರೂಪ ಇವಿಷ್ಟನ್ನು ಬರೆದಿಟ್ಟೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮುದ್ರಿಸಿದ್ದ ಹಾಡುಗಳ ಜಾಡು ಹಿಡಿದು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಕರ್ನಾಟಕವೂ ಸೇರಿದಂತೆ ಅದೇ ಪ್ರದೇಶಗಳಿಗೆ ಮರಳಿದ್ದರು. ಎಲ್ಲಿ, ಯಾವಾಗ ಎಂಬ ದಾಖಲೆಯಿಲ್ಲದ ಮುದ್ರಣದಿಂದ ಅಂಥ ಮರುಭೇಟಿ ಸಾಧ್ಯವಾಗುವುದಿಲ್ಲ.

ಹೆಸರಿನ ವಿಷಯದಲ್ಲಿ ಒಂದೇ ನಿಯಮ ಸಾಲದು. ಹಾಡುಗಾರ್ತಿಗೆ ಮನ್ನಣೆ ಸಲ್ಲಲು ಹೆಸರು ಬೇಕು. ಆದರೆ ದೇವದಾಸಿಯಾಗಿ ಬಿಡುವುದನ್ನು ರಾಜ್ಯವು 1982ರ ಕಾಯಿದೆಯಿಂದ ನಿಷೇಧಿಸಿರುವಾಗ, ಜೋಗತಿಯೊಬ್ಬರ ಹೆಸರನ್ನು ಅವರ ದೀಕ್ಷೆಯ ವಿವರದೊಡನೆ ಅಚ್ಚಿಸುವುದು ಅವರಿಗೆ ತೊಂದರೆ ತರಬಹುದು. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಒಪ್ಪಿದವರ ಹೆಸರನ್ನು ಮುದ್ರಣದ ಉಲ್ಲೇಖದಲ್ಲಿ ಮೊದಲಿಗೇ ಇಟ್ಟೆ, ಉಳಿದವರಿಗೆ ಪಾತ್ರಸೂಚಕ ಬಳಸಿದೆ: ಚೌಡಿಕೆಯವರು, ಶ್ರುತಿಯವರು, ತಾಳದವರು. ಮೈಮೇಲೆ ದೇವಿ ಬರುವ ಹೊತ್ತಿಗೆ ಮುದ್ರಣ ನಿಲ್ಲಿಸಬೇಕೆಂದು ಮೇಳದ ಹಿರಿಯಮ್ಮ ಮೊದಲೇ ಹೇಳಿದ್ದರು, ನಿಲ್ಲಿಸಿದೆ. ಆ ಭಾಗದಲ್ಲಿ ಚೌಡಿಕೆಯ ಲಯ ಬಿಗಿಯಾಗುತ್ತ ಹೋಗುವುದನ್ನು ಪ್ರಬಂಧದಲ್ಲಿ ವರ್ಣಿಸಿದ್ದೇನೆ. ಅಲ್ಲಿ ಕಡತದ ಹೆಸರಿಲ್ಲ, ಸ್ವರಲಿಪಿಯೂ ಇಲ್ಲ; 'ಕ್ಷೇತ್ರ ಟಿಪ್ಪಣಿ, ಮುದ್ರಣಕ್ಕೆ ಅನುಮತಿಯಿಲ್ಲ' ಎಂಬ ಒಕ್ಕಣೆಯೂ ದಿನಾಂಕವೂ ಇವೆ.