ಫಾರ್ಮಿನ್ಯಾಗ ನಾನ ರೈಟ್ ಹಾಕಿ ಕೊಟ್ಟೆ, ಆಮ್ಯಾಲೆ ಏನಾತು ಅಂದ್ರ

ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಸಣ್ಣ ಕಾರ್ಖಾನಿ, ಲೇತ್, ವೆಲ್ಡಿಂಗ್, ಪೇಂಟಿಂಗ್ ಎಲ್ಲಾ ಕೂಡಿ 64 ಮಂದಿ, ಅಲ್ಲಿ ಪಗಾರದ ಲೆಕ್ಕ ನೋಡಾಕಿ ನಾನು. ನಮ್ಮ ಮಂದೀದ ಒಂದು ಸಣ್ಣ ಪತ್ತಿನ ಸೊಸೈಟಿ ಐತಿ, ಅದರಾಗ ತಿಂಗಳಾ ತಿಂಗಳಾ ಆರ್‌ಡಿ ಕಟ್ಟಬಹುದು, ನೂರಕ್ಕ 7 ಬಡ್ಡಿ. ರೊಕ್ಕ ಪಗಾರದಾಗ ಹಿಡಿದು ನಾವ ಕಟ್ತೀವಿ, ಅವರು ಒಂದು ಸಹಿ ಹಾಕಿ ಫಾರ್ಮ್ ಕೊಟ್ರ ಮುಗೀತು. ಇಷ್ಟು ಸಲೀಸ ಇದ್ರೂ 64ರಾಗ ಕಟ್ತಿದ್ದವರು 14 ಮಂದಿ. ಉಳದವ್ರನ್ನ ಕೇಳಿದ್ರ ಎಲ್ಲಾರ್ದೂ ಒಂದ ಮಾತು, "ಮಾಡೂದೈತಿ ಅಕ್ಕಾರ, ಮುಂದಿನ ತಿಂಗಳಿಂದ." ಈ ಮಂದೀನ ಓಣ್ಯಾಗ ಭಿಶಿ ಮಾತ್ರ ಒಂದು ತಿಂಗಳೂ ತಪ್ಪಸಂಗಿಲ್ಲ ನೋಡ್ರಿ, ಯಾಕಂದ್ರ ಅಲ್ಲಿ ಮನಿ ಬಾಗಲಿಗೆ ಬಂದು ಕೇಳ್ತಾರ, ಕೊಡೂದು ನಡದ ಇರ್ತೈತಿ, ಕೊಡಲಾರದಂಗ ಇರಬೇಕಂದ್ರ ಬಾಯಿಬಿಟ್ಟು ಒಲ್ಲೆ ಅನಬೇಕು. ನಮ್ಮ ಆರ್‌ಡಿದಾಗ ಅದು ಉಲ್ಟಾ ಇತ್ತು.

ಅದನ್ನ ತಿರುವಿ ಹಾಕೂಣು ಅನ್ನೂ ವಿಚಾರ ನಂದಲ್ಲ. ಅಮೇರಿಕಾದಾಗ ಬ್ರಿಜಿಟ್ ಮ್ಯಾಡ್ರಿಯನ್, ಡೆನ್ನಿಸ್ ಶೇ ಅನ್ನೂ ಇಬ್ಬರು ಒಂದು ಕಂಪನಿ ನೌಕರದಾರರ ಪಿಂಚಣಿ ಉಳಿತಾಯದ ಲೆಕ್ಕ ತಗದು ನೋಡಿ 2001ರಾಗ ಒಂದು ಲೇಖನ ಪ್ರಕಟ ಮಾಡಿದ್ರು. ಮೊದಲ ಸೇರಾಕ ಫಾರ್ಮ್ ತುಂಬಬೇಕಿತ್ತು, ಆಮ್ಯಾಲೆ ಕಂಪನಿಯವರು ಹೊಸಬರನ್ನ ತಾವ ಸೇರಸಾಕ ಚಾಲೂ ಮಾಡಿದ್ರು, ಬ್ಯಾಡಾದವ್ರು ಫಾರ್ಮ್ ತುಂಬಿ ಹೊರಗ ಬರಬೇಕು. ಸ್ಕೀಮ್ ಅದ, ಫಾಯದೇನೂ ಅದ, ಸೇರಿದವರ ಪ್ರಮಾಣ ಮಾತ್ರ ನೂರಕ್ಕ 49 ಇದ್ದದ್ದು 86ಕ್ಕ ಹೋತು. ಏನೂ ಮಾಡದಿದ್ರ ಏನಾಗ್ತೈತಿ ಅನ್ನೂದನ್ನ ಮೊದಲ ಇಟ್ಟಿರೂದಕ್ಕ ಡಿಫಾಲ್ಟ್ ಅಂತಾರ. ಈ ಶಬ್ದ ಸೊಸೈಟಿ ಮೀಟಿಂಗಿನ್ಯಾಗ ಅಂದು ನಾ ಪೇಚಿಗೆ ಬಿದ್ದೆ. "ನಮ್ಮ ಹುಡುಗೂರನ್ನ ಡಿಫಾಲ್ಟ್ ಮಾಡೂಣ್ರಿ" ಅಂದ ಕೂಡ್ಲೆ ಚೇರ್ಮನ್‌ರ ಮಾರಿ ಸಣ್ಣದಾತು. ಸೊಸೈಟಿಯೊಳಗ ಡಿಫಾಲ್ಟ್ ಅಂದ್ರ ಸಾಲ ಮುಳುಗಿಸಿದವ ಅಂತ ಅಲ್ಲೇನ್ರಿ. ಅವತ್ತಿಂದ ನಾವು ಅದಕ್ಕ "ಮೊದಲ ಹಾಕಿದ ರೈಟ್" ಅಂತೀವಿ.

ಈಗ ನಮ್ಮಲ್ಲಿ ಹೆಂಗ ಮಾಡ್ದೆ ಅಂದ್ರ, ಹೇಳದ ಕೇಳದ ಪಗಾರದಾಗ ರೊಕ್ಕ ಹಿಡಿಯಾಕ ಬರಂಗಿಲ್ಲ, ಇಂಥಾದ್ದಕ್ಕ ಅವರ ಬರವಣಿಗಿ ಒಪ್ಪಿಗಿ ಬೇಕು. ಅದಕ್ಕ 2022ರ ಏಪ್ರಿಲ್‌ನಿಂದ ಹೊಸದಾಗಿ ಸೇರವ್ರಿಗೆ ಕೊಡೂ ಕಾಗದದ ಕಟ್ಟಿನ್ಯಾಗ ಪಿಎಫ್ ಫಾರ್ಮ್, ಬ್ಯಾಂಕ್ ಪಾಸಬುಕ್ ಝೆರಾಕ್ಸ್ ಇವುಗಳ ಜೋಡಿನ ಆರ್‌ಡಿ ಫಾರ್ಮೂ ಇಟ್ಟೆ, ಅದರಾಗ "ತಿಂಗಳಿಗೆ ₹300" ಅಂತ ಬರದು ರೈಟ್ ಹಾಕಿ ಇಟ್ಟಿದ್ದೆ. ಬ್ಯಾಡಂದ್ರ ಕಾಟಾ ಹೊಡೀರಿ, ಹೆಚ್ಚು ಕಡಿಮಿ ಬೇಕಂದ್ರ ತಿದ್ದರಿ, ಹೆಂಗಿದ್ರೂ ಸಹಿ ನಿಮ್ದ.

ಎರಡು ವರ್ಷದಾಗ 23 ಮಂದಿ ಹೊಸಬರು ಬಂದ್ರು. ಕಾಟಾ ಹೊಡದವ್ರು 3 ಮಂದಿ ಅಷ್ಟ. ಉಳದ 20ರಾಗ ಇಬ್ಬರು ರಕಮು ಏರಿಸಿ ಬರದ್ರು, ಒಬ್ಬ ಇಳಿಸಿದ, 17 ಮಂದಿ ಇದ್ದ ₹300ನ್ನ ಮುಟ್ಟಲೇ ಇಲ್ಲ. ನಂಗ ಭಾಳ ಖುಷಿ ಆತು, ಚೇರ್ಮನ್‌ರಿಗೆ ತೋರಿಸಿದೆ, ಅವರು "ಹಂಗಾರ ಹಳಬರಿಗೂ ಇದನ್ನ ಕೊಡ್ರಿ" ಅಂದ್ರು. ಆರ್‌ಡಿ ಕಟ್ಟದ ಹಳಬರು 50 ಮಂದಿ ಇದ್ರಲ್ಲ, ಅವರಿಗೂ ಅದ ಫಾರ್ಮ್, ಅದ ರೈಟ್, ಅದ ₹300. ಅವರಾಗ 31 ಮಂದಿ ಕಾಟಾ ಹೊಡದು ವಾಪಸ್ ಕೊಟ್ರು.

ಇಲ್ಲಿ ನಾ ಸ್ವಲ್ಪ ಕುಂತು ವಿಚಾರ ಮಾಡಬೇಕಾತು. ಮೊದಲ ಹಾಕಿದ ರೈಟಿಗೆ ಮಂದಿ ಅಂಟಕೊಳ್ಳೂದು ಬರೇ ಆಲಸ್ಯಕ್ಕ ಆಗಿದ್ರ ಹಳಬರೂ ಅಂಟಕೋಬೇಕಿತ್ತು, ಕಾಟಾ ಹೊಡಿಯೂ ತ್ರಾಸ ಇಬ್ಬರಿಗೂ ಅಷ್ಟ. ಚಾ ಟೈಮಿನ್ಯಾಗ ಒಬ್ಬೊಬ್ಬರನ್ನ ಕರದು ಕೇಳಕೋತ ಹೋದೆ. ಹೊಸಬರಾಗ ಕೆಲವರು "ಆಮ್ಯಾಲೆ ನೋಡೂಣು ಅಂತ ಬಿಟ್ನಿರಿ" ಅಂದ್ರು, ಅದು ಆಲಸ್ಯ, ಮುಂದ ಹಾಕೂ ಚಾಳಿ. ಇನ್ನ ಕೆಲವರು "ನೀವ ಬರದೀರಿ ಅಂದ್ಮ್ಯಾಲೆ ಬರೋಬ್ಬರಿನ ಇರ್ತೈತಿ ಬಿಡ್ರಿ" ಅಂದ್ರು. ಅಂದ್ರ ನಾ ಸುಮ್ನ ಗುಂಡು ಅಂಕಿ ಅಂತ ಬರದ 300ನ್ನ ಅವರು ತಿಳದವರು ಕೊಟ್ಟ ಸಲಹೆ ಅಂತ ತಗೊಂಡಿದ್ರು, ಇದು ಕೇಳಿ ನಂಗ ಒಂದೀಟು ಅಂಜಿಕಿನೂ ಆತು. ಮೂರನೇದು ಮಾತ್ರ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಪಗಾರದ ಚೀಟಿ ನೋಡಿದಾಗ ನಂಗ ಹೊಳೀತು. ಹೊಸಬನ ಕೈಗೆ ಬಂದ ಮೊದಲನೇ ಪಗಾರನ ₹300 ಹಿಡದ ಪಗಾರ, ಅವಂಗ ಅದಕ್ಕಿಂತ ಹೆಚ್ಚು ಎಂದೂ ಬಂದ ಇಲ್ಲ, ಹಿಂಗಾಗಿ ಕಳಕೊಂಡಂಗ ಅನಸೂದಿಲ್ಲ. ಹಳಬನಿಗೆ ಹೋದ ತಿಂಗಳು 18,400 ಬಂದಿತ್ತು, ಈಗ 18,100 ಬಂದ್ರ ಆ 300 ಕಣ್ಣಿಗೆ ಚುಚ್ಚತೈತಿ, ಅವನ ರೊಕ್ಕಾನ ಸೊಸೈಟಿಯೊಳಗ ಇದ್ರೂ. ಬಂದಷ್ಟ ಲಾಭಕ್ಕಿಂತ ಹೋದಷ್ಟ ನಷ್ಟ ಮನಸ್ಸಿಗೆ ಹೆಚ್ಚು ಬಡೀತೈತಿ, ಇದಕ್ಕ ಲಾಸ್ ಅವರ್ಶನ್ ಅಂತಾರ. ಅಂದ್ರ ಹೊಸಬನಿಗೂ ಹಳಬನಿಗೂ ಕಾಗದ ಒಂದ ಆದ್ರೂ, ಯಾವ ಪಗಾರದ ಮ್ಯಾಲೆ ನಿಂತು ನೋಡ್ತಾನ ಅನ್ನೂದು ಬ್ಯಾರೆ ಬ್ಯಾರೆ.

ಹಳಬರ ಗಂಟು ಬಿಚ್ಚಾಕ ರಿಚರ್ಡ್ ಥೇಲರ್, ಶ್ಲೋಮೋ ಬೆನಾರ್ಟ್ಜಿ ಮಾಡಿದ ಒಂದು ಉಪಾಯ ಐತಿ. ಥೇಲರ್ ಅಂದ್ರ 2017ರಾಗ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರ. ಈಗ ಕೊಡ್ರಿ ಅನ್ನಬ್ಯಾಡ್ರಿ, ಮುಂದ ಪಗಾರ ಏರಿದಾಗ ಆ ಏರಿದ್ದರಾಗ ಒಂದಿಷ್ಟು ಉಳಿತಾಯಕ್ಕ ಹೋಗ್ಲಿ ಅಂತ ಇವತ್ತ ಸಹಿ ಮಾಡಸ್ಕೋರಿ, ಇಷ್ಟ ಅದು. ಅವರು ಮೊದಲು ಮಾಡಿ ನೋಡಿದ ಕಂಪನಿಯೊಳಗ ಸೇರಿದವರ ಉಳಿತಾಯ 40 ತಿಂಗಳದಾಗ ಪಗಾರದ ನೂರಕ್ಕ 3.5 ಇದ್ದದ್ದು 13.6 ಆತು. ನಮ್ಮಲ್ಲಿ ಪಗಾರ ಏರೂದು ಏಪ್ರಿಲ್‌ದಾಗ. ನಾ ಜನವರಿಯೊಳಗ, ಇನ್ನೂ ಎಷ್ಟು ಏರ್ತೈತಿ ಅಂತ ಯಾರಿಗೂ ಗೊತ್ತಿಲ್ಲದಾಗ, ಕಾಟಾ ಹೊಡದ 31 ಮಂದೀಗೆ ಕೇಳ್ದೆ, ಏರಿದ್ದರಾಗ ₹200 ಆರ್‌ಡಿಗೆ ಹೋಗ್ಲೇನು ಅಂತ. 22 ಮಂದಿ ಸಹಿ ಮಾಡಿದ್ರು. ಏಪ್ರಿಲ್ ಬಂದ ಮ್ಯಾಲೆ ಒಬ್ಬನೂ ಬಂದು ಬ್ಯಾಡ ಅನ್ಲಿಲ್ಲ, ಕೈಗೆ ಬರೂ ಪಗಾರ ಕಡಿಮಿ ಆಗಿರಲಿಲ್ಲಲ್ಲ.

ಇನ್ನ ನಾ ಮಾಡಿದ ತಪ್ಪು ಹೇಳ್ತೀನಿ. ₹300 ಅನ್ನೂದು ಹೆಂಗ ಬಂತು ಅಂದ್ರ, ಸಣ್ಣದಿದ್ರ ಯಾರೂ ಹೆದರಂಗಿಲ್ಲ ಅಂತ ನನ್ನ ತಲ್ಯಾಗ ಬಂತು ಬರದೆ, ಅಷ್ಟ. ಆದ್ರ ಮೊದಲು ತಾವ ಆಗಿ ಸೇರಿದ್ದ 14 ಮಂದ್ಯಾಗ ₹500ಕ್ಕಿಂತ ಕಡಿಮಿ ಕಟ್ಟವ ಒಬ್ಬನೂ ಇರಲಿಲ್ಲ. ಹೊಸ 23ರಾಗೂ ಅಂಥವರು ನಾಕೈದು ಮಂದಿ ಇದ್ದ ಇರ್ತಾರ, ನಾ ರೈಟ್ ಹಾಕಿರಲಿಲ್ಲಂದ್ರ ತಾವ ಕೇಳಿ 500, 1000 ಬರಸ್ತಿದ್ರು, ನನ್ನ 300 ನೋಡಿ ಅಲ್ಲೇ ನಿಂತ್ರು. ಮ್ಯಾಡ್ರಿಯನ್ ಮತ್ತ ಶೇ ಅವರ ಲೇಖನದಾಗೂ ಇದ ಇತ್ತು, ನಾ ಖುಷಿ ಕೊಡೂ ಭಾಗ ಅಷ್ಟ ಓದಿದ್ದೆ! ಅಲ್ಲಿ ಕಂಪನಿ ಇಟ್ಟ ಡಿಫಾಲ್ಟ್ ಪಗಾರದ ನೂರಕ್ಕ 3, ಭಾಳ ಮಂದಿ ಅಲ್ಲೇ ಕುಂತ್ರು, ತಾವ ಆಗಿ ಸೇರತಿದ್ದವರು ಅದಕ್ಕಿಂತ ಹೆಚ್ಚು ಕಟ್ತಿದ್ರು. ಒಳಗ ಬರೂ ಮಂದಿ ಹೆಚ್ಚಾಗ್ತಾರ, ಆದ್ರ ಹೆಚ್ಚು ಉಳಸವ್ರನ್ನೂ ಕೆಳಗ ಜಗ್ಗತೈತಿ. ಇದು ನಡದೈತೋ ಇಲ್ಲೋ ಅಂತ ತಿಳಕೋಬೇಕಂದ್ರ ಎಷ್ಟು ಮಂದಿ ಸೇರಿದ್ರು ಅಂತ ಎಣಿಸಿದ್ರ ಸಾಲದು, ಎಷ್ಟು ಮಂದಿ ಬರೋಬ್ಬರಿ ಆ ಅಂಕಿ ಮ್ಯಾಲೇ ಕುಂತಾರ ಅಂತ ಎಣಿಸಬೇಕು. 20ಕ್ಕ 17 ಅಂದಾಗ್ಲೇ ನಂಗ ಸಂಶೆ ಬರಬೇಕಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಆತು. ಆ 17ರಾಗ ಒಬ್ಬ ವೆಲ್ಡರ್, ಗದಗ ಕಡಿಯಾಂವ, ಆರು ತಿಂಗಳಾದ ಮ್ಯಾಲೆ ಪಗಾರದ ಚೀಟಿ ಹಿಡಕೊಂಡು ಬಂದ, "ಅಕ್ಕಾರ, ಇದ್ಯಾವ ಕಟಿಂಗ್ ರೀ?" ಅಂದ. ಸಹಿ ಅವಂದ ಐತಿ, ಫಾರ್ಮ್ ಐತಿ, ಅವಂಗ ಮಾತ್ರ ನೆನಪಿಲ್ಲ, ಸೇರೂ ದಿನ ಎಂಟು ಕಾಗದಕ್ಕ ಸಹಿ ಮಾಡ್ಯಾನ, ಯಾವುದು ಏನು ಅಂತ ಓದಿಲ್ಲ. ಮಾತಾಡಿದಾಗ ತಿಳೀತು, ಅವನ ಮ್ಯಾಲೆ ₹20,000 ಕೈಗಡ ಐತಿ, ತಿಂಗಳಿಗೆ ನೂರಕ್ಕ ಮೂರು ರೂಪಾಯಿ ಬಡ್ಡಿ. ಲೆಕ್ಕ ನೋಡ್ರಿ, ಆ ₹300ನ್ನ ನಮ್ಮ ಆರ್‌ಡಿಗೆ ಹಾಕಿದ್ರ ಒಂದು ತಿಂಗಳಿಗೆ ಬರೂ ಬಡ್ಡಿ ₹1.75, ಅದ ₹300ನ್ನ ಸಾಲದ ಅಸಲಿಗೆ ಕಟ್ಟಿದ್ರ ತಿಂಗಳಿಗೆ ಉಳಿಯೂ ಬಡ್ಡಿ ₹9. ನಾ ಅವಂಗ ಉಪಕಾರ ಮಾಡೀನಿ ಅಂದ್ಕೊಂಡು ತಿಂಗಳಾ ತಿಂಗಳಾ ಲುಕ್ಸಾನ ಮಾಡಕೋತ ಬಂದಿದ್ದೆ. ಕಾಟಾ ಹೊಡದ ಆ ಮೂವರನ್ನ ಕರದು ಕೇಳಿದ್ರ ಅವರಿಗೂ ಕೈಗಡ ಇತ್ತು. ತಮ್ಮ ಪರಿಸ್ಥಿತಿ ತಿಳದವ ರೈಟ್ ದಾಟಿ ಹೋದ, ತಿಳೀದವ ಸಿಕ್ಕೊಂಡ. ಎಲ್ಲಾರಿಗೂ ಹೆಚ್ಚು ಕಡಿಮಿ ಒಂದ ನಮೂನಿ ಒಳ್ಳೇದು ಅಂತಿದ್ದಲ್ಲೆ ಡಿಫಾಲ್ಟ್ ನಡೀತೈತಿ, ಒಬ್ಬನಿಗೆ ಔಷಧ ಇನ್ನೊಬ್ಬನಿಗೆ ವಿಷ ಅನ್ನೂ ಹಂಗಿದ್ದಲ್ಲೆ ಮೊದಲು ಕೇಳಬೇಕು. ಅವನ ರೊಕ್ಕ ಅವತ್ತ ಬಿಡಿಸಿ ಕೊಟ್ವಿ.

ಬಿಡಿಸಿ ಕೊಡೂದರಾಗೂ ಒಂದು ಜಗಳ ಆತು. ಹೊರಗ ಹೋಗಬೇಕಂದ್ರ ಅರ್ಜಿ ಬರದು, ಸೂಪರ್ವೈಜರ್ ಸಹಿ, ಚೇರ್ಮನ್ ಸಹಿ, ಆಮ್ಯಾಲೆ ಬರೇ ಶನಿವಾರ ಅಂತ ಸೊಸೈಟಿಯವರು ಇಟ್ಟಿದ್ರು. "ಸಲೀಸ ಮಾಡಿದ್ರ ಎಲ್ಲಾರೂ ಹೋಗ್ತಾರ" ಅಂತ ಅವರ ವಾದ. ಒಳಗ ಬರಾಕ ಒಂದು ಸಹಿ, ಹೊರಗ ಹೋಗಾಕ ಮೂರು ಸಹಿ ಅಂದ್ರ ಅದು ನಜ್ ಅಲ್ಲ, ಅಂದ್ರ ಮಂದೀನ ಒಳ್ಳೇದರ ಕಡೆ ಮೆತ್ತಗ ನೂಕೂದಲ್ಲ, ಥೇಲರ್ ಅದಕ್ಕ ಸ್ಲಜ್ ಅಂದಾರ, ಕೆಸರು ಅಂದಂಗ. ಆನ್‌ಲೈನ್ ಅಂಗಡಿಯವರು ಕೇಳಲಾರದ ಸಾಮಾನು ಬುಟ್ಟಿಗೆ ಹಾಕೂದನ್ನ ನಮ್ಮ ಕೇಂದ್ರ ಸರ್ಕಾರ 2023ರಾಗ ಡಾರ್ಕ್ ಪ್ಯಾಟರ್ನ್, ಅಂದ್ರ ಗಿರಾಕಿನ ಯಾಮಾರಿಸೂ ಚಾಲಾಕಿ, ಅದರ ಮ್ಯಾಲಿನ ಮಾರ್ಗಸೂಚಿ ಒಳಗ ತಪ್ಪು ಅಂತ ಬರದೈತಿ, ನಮ್ಮ ಶನಿವಾರದ ನಿಯಮ ಅದರ ಸ್ವಂತ ತಮ್ಮ ಅಂತ ಮೀಟಿಂಗಿನ್ಯಾಗ ಅಂದೆ. ಸಿಟ್ಟಾದ್ರು, ಆದ್ರ ತಗದ್ರು. ಜೂನ್‌ದಾಗ ಸಾಲಿ ಫೀ ಟೈಮಿಗೆ 5 ಮಂದಿ ಬಿಡಿಸ್ಕೊಂಡು ಹೋದ್ರು, ಎಲ್ಲಾರೂ ಹೋಗ್ಲಿಲ್ಲ.

ಈಗಿನ ಫಾರ್ಮಿನ್ಯಾಗ ಮೊದಲನೇ ಸಾಲು "ಕೈಗಡ ಐತೇನು?" ಅಂತ, ಅಲ್ಲಿ ನಾ ಯಾವ ರೈಟೂ ಹಾಕಂಗಿಲ್ಲ, ಹೌದು ಇಲ್ಲಾ ಅಂತ ಅವರ ಬರೀಬೇಕು. ಹೌದು ಅಂದವ್ರಿಗೆ ಆರ್‌ಡಿ ಸಾಲು ಖಾಲಿನ ಇರ್ತೈತಿ. ಇಲ್ಲಾ ಅಂದವ್ರಿಗೆ ರೈಟ್ ಐತಿ, ಆದ್ರ 300 ಅಲ್ಲ, ಪಗಾರದ ನೂರಕ್ಕ 4, ಅಂದ್ರ 14,000ದ ಹೆಲ್ಪರ್‌ಗೆ 560, 24,000ದ ಲೇತ್ ಆಪರೇಟರ್‌ಗೆ 960. ಸೇರೂ ದಿನದ ಕಾಗದದ ಗದ್ದಲದಾಗ ಇದನ್ನ ಕೊಡೂದು ಬಿಟ್ಟೀನಿ, ಎರಡು ದಿನ ಆದ ಮ್ಯಾಲೆ ಒಂದ ಕಾಗದ ಕೈಯಾಗ ಕೊಟ್ಟು ಓದಿ ಹೇಳ್ತೀನಿ, ಮೊದಲನೇ ಪಗಾರದ ಒಳಗ ಮಾತ್ರ ಸಹಿ ಆಗಬೇಕು. ಮೂರು ತಿಂಗಳಾದ ಮ್ಯಾಲೆ "ಆರ್‌ಡಿಗೆ ಎಷ್ಟು ಹೋಗ್ತೈತಿ ಗೊತ್ತೈತೇನು?" ಅಂತ ಕೇಳ್ತೀನಿ, ಗೊತ್ತಿಲ್ಲಂದ್ರ ಫಾರ್ಮ್ ಮತ್ತ ಮೊದಲಿಂದ. ಚೇರ್ಮನ್‌ರದು ಈಗ ಒಂದ ತಕರಾರು, 560, 960 ಅಂತ ಚಿಲ್ಲರೆ ಅಂಕಿ ಪಾಸಬುಕ್ಕಿನ್ಯಾಗ ಬರಿಯಾಕ ತ್ರಾಸಂತ, ಐವತ್ತರ ಲೆಕ್ಕಕ್ಕ ತರ್ರಿ ಅಂತಾರ. ಅದೊಂದು ಒಪ್ಪಿಕೊಂಡೀನಿ.